ತರಬೇತಿಯ ಪರಿಣಾಮ ಮಾಪನ: ತೊಗರಿ ಬೀಜೋಪಚಾರದ ಉದಾಹರಣೆ

ತರಬೇತಿಯ ಫಲವನ್ನು ಪ್ರತಿಕ್ರಿಯೆ, ಕಲಿಕೆ, ವರ್ತನೆ ಮತ್ತು ಫಲಿತಾಂಶ ಎಂಬ ನಾಲ್ಕು ಹಂತಗಳಲ್ಲಿ ಅಳೆಯುವ ಕ್ರಮವನ್ನು ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಮುಂದಿಟ್ಟರು. ಬಹುತೇಕ ತರಬೇತಿಗಳ ಮೌಲ್ಯಮಾಪನವು ಮೊದಲ ಹಂತದಲ್ಲಿಯೇ ನಿಂತುಬಿಡುತ್ತದೆ. ತೊಗರಿಯ ಸೊರಗು ರೋಗ ತಡೆಯಲು ಟ್ರೈಕೋಡರ್ಮಾದಿಂದ ಬೀಜೋಪಚಾರ ಮಾಡುವ ಕುರಿತು ಮೇ ತಿಂಗಳಲ್ಲಿ 30 ರೈತರಿಗೆ ತರಬೇತಿ ನೀಡಲಾಗಿದೆ ಎಂದು ಭಾವಿಸೋಣ.

ಅಭಿಪ್ರಾಯ ಪತ್ರದಲ್ಲಿ ಎಲ್ಲರೂ ‘ಚೆನ್ನಾಗಿತ್ತು’ ಎಂದೇ ಬರೆಯುತ್ತಾರೆ. ಅದು ಊಟದ ಬಗೆಗಿನ ಮಾತೂ ಆಗಿರಬಹುದು. ಅದರ ಬದಲು ‘ನಿಮ್ಮ ಹೊಲದಲ್ಲಿ ಇದನ್ನು ಮಾಡಲು ಇರುವ ಅಡ್ಡಿ ಏನು?’ ಎಂದು ಕೇಳಿದರೆ ಉಪಯುಕ್ತ ಉತ್ತರ ದೊರೆಯುತ್ತದೆ.

ಕಲಿಕೆಯನ್ನು ಪ್ರಶ್ನೆಪತ್ರಿಕೆಗಿಂತ ಮಾಡಿಸಿ ನೋಡುವುದು ಮೇಲು. ಪ್ರತಿಯೊಬ್ಬರಿಗೂ ಒಂದು ಕೆ.ಜಿ. ಬೀಜ ಕೊಟ್ಟು, 4 ಗ್ರಾಂ ಟ್ರೈಕೋಡರ್ಮಾ ಪುಡಿಯನ್ನು ತೂಗಿ, ಬೀಜಕ್ಕೆ ಸಮನಾಗಿ ಲೇಪಿಸಿ, ನೆರಳಿನಲ್ಲಿ ಒಣಗಿಸಲು ಹೇಳಬೇಕು. ತರಬೇತಿಗೆ ಮುನ್ನವೂ ಇದನ್ನೇ ಮಾಡಿಸಿದ್ದರೆ ವ್ಯತ್ಯಾಸ ತಿಳಿಯುತ್ತದೆ.

ವರ್ತನೆಯನ್ನು ಅಳೆಯುವ ಕಾಲ ಬಿತ್ತನೆಯ ವಾರವೇ. ದೂರವಾಣಿಯಲ್ಲಿ ವಿಚಾರಿಸಿದರೆ ‘ಮಾಡಿದ್ದೇವೆ’ ಎಂಬ ಉತ್ತರ ಬರುವುದು ಸಹಜ. ಆದ್ದರಿಂದ ಹೊಲಕ್ಕೆ ಹೋಗಿ ಖಾಲಿ ಪೊಟ್ಟಣ, ಅದರ ಮೇಲಿನ ಬಳಕೆಯ ಅವಧಿ ಹಾಗೂ ಉಳಿದ ಬೀಜದ ಮೇಲಿನ ಲೇಪನವನ್ನು ಕಣ್ಣಾರೆ ನೋಡಬೇಕು. ತರಬೇತಿಯಲ್ಲಿ 26 ಮಂದಿ ಸರಿಯಾಗಿ ಮಾಡಿ ತೋರಿಸಿದ್ದು, ಬಿತ್ತನೆಯಲ್ಲಿ ಅವರ ಪೈಕಿ 9 ಮಂದಿ ಮಾತ್ರ ಅನುಸರಿಸಿದ್ದರೆ ದೋಷ ಪಾಠದಲ್ಲಿಲ್ಲ. ಉಳಿದ 17 ಮಂದಿಯನ್ನು ಕಾರಣ ಕೇಳಬೇಕು. ರೈತ ಸಂಪರ್ಕ ಕೇಂದ್ರದಲ್ಲಿ ಟ್ರೈಕೋಡರ್ಮಾ ಸಕಾಲಕ್ಕೆ ಸಿಗದಿರಬಹುದು. ಹದ ಮಳೆ ಬಿದ್ದೊಡನೆ ಬಿತ್ತುವ ಅವಸರದಲ್ಲಿ ಬೀಜ ಒಣಗಿಸಲು ಸಮಯ ಇಲ್ಲದಿರಬಹುದು. ಮೊದಲನೆಯದಕ್ಕೆ ಮುಂಚಿತ ದಾಸ್ತಾನು ಪರಿಹಾರವೇ ಹೊರತು ಮತ್ತೊಂದು ತರಬೇತಿಯಲ್ಲ. ಮೊದಲ ಎರಡು ಹಂತಗಳಲ್ಲಿ ಕಾಣದ ಈ ಸಂಗತಿಯೇ ವಿಸ್ತರಣಾ ಕಾರ್ಯಕರ್ತರಿಗೆ ಹೆಚ್ಚು ಬೇಕಾದದ್ದು.

ಫಲಿತಾಂಶಕ್ಕೆ ಇಳುವರಿಯೊಂದನ್ನೇ ನೆಚ್ಚಬಾರದು. ಮಳೆ, ಕಾಯಿಕೊರಕ, ಹಿಂದಿನ ಬೆಳೆ ಎಲ್ಲವೂ ಅದನ್ನು ಏರಿಳಿಸುತ್ತವೆ. ರೈತರ ಒಪ್ಪಿಗೆ ಪಡೆದು ಅದೇ ಹೊಲದಲ್ಲಿ ಕೆಲವು ಸಾಲುಗಳನ್ನು ಉಪಚರಿಸದ ಬೀಜದಿಂದ ಬಿತ್ತಿಸಬೇಕು. ಹೂ ಬಿಡುವಾಗ ಮತ್ತು ಕಾಯಿ ಬಲಿಯುವಾಗ ಎರಡೂ ಭಾಗಗಳಲ್ಲಿ ತಲಾ 100 ಗಿಡಗಳನ್ನು ಎಣಿಸಿ, ಸೊರಗಿದವುಗಳನ್ನು ಗುರುತಿಸಬೇಕು. ಬಾಡಿದ ಗಿಡದ ಕಾಂಡವನ್ನು ಬುಡದಲ್ಲಿ ಸೀಳಿದಾಗ ಒಳಗೆ ಕಂದು ಇಲ್ಲವೆ ಕಪ್ಪು ಗೆರೆಗಳು ಕಂಡರೆ ಅದು ಸೊರಗು ರೋಗ. ಇಲ್ಲದಿದ್ದರೆ ನೀರು ನಿಂತದ್ದು ಅಥವಾ ತೇವದ ಕೊರತೆಯಂತಹ ಬೇರೆ ಕಾರಣ ಹುಡುಕಬೇಕು.

ರೈತರು ಬಿತ್ತಿದ ತಳಿಯನ್ನೂ ದಾಖಲಿಸುವುದು ಅವಶ್ಯ. ಟಿಎಸ್-3ಆರ್‌ನಂತಹ ಸೊರಗು ನಿರೋಧಕ ತಳಿ ಬಿತ್ತಿದ್ದರೆ ರೋಗ ತಗ್ಗಿದ ಶ್ರೇಯವನ್ನು ತರಬೇತಿಗೆ ಸಲ್ಲಿಸಲಾಗದು. ರೋಗಕಾರಕ ಶಿಲೀಂಧ್ರವು ಮಣ್ಣಿನಲ್ಲಿ ಹಲವು ವರ್ಷ ಬದುಕುವುದರಿಂದ, ಒಂದೇ ಹಂಗಾಮಿನ ಎಣಿಕೆಯಿಂದ ತರಬೇತಿ ವಿಫಲವಾಯಿತೆಂದು ತೀರ್ಮಾನಿಸುವುದೂ ಸರಿಯಲ್ಲ.