ಲೇಸನ್ನು ತಿರುಗಿಸಿ ನೋಡಿ: ಕೋಲ್ಕತಾದ ಒಂದು ಜಾಕೀಟಿನ ಕಥೆ

ಇವತ್ತು ನಾನು ಮೋಸಹೋದ ಕಥೆಯಿಂದಲೇ ಶುರುಮಾಡ್ತೀನಿ. ಕೋಲ್ಕತಾದ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಒಂದು ಬಿಳಿ ಜಾಕೀಟು ಕೊಂಡೆ. ಮೊಣಕೈವರೆಗಿನ ತೋಳು, ಕುತ್ತಿಗೆ ಸುತ್ತ ನಾಲ್ಕು ಬೆರಳಗಲದ ಲೇಸು. "ಠಾಕೂರರ ಮನೆ ಕಾಲದ್ದು, 1870ರ ಸುಮಾರಿನದು, ಕೈಯಲ್ಲೇ ಹೆಣೆದ ಕ್ರೋಶಾ" ಅಂದರು. ನಂಬಿದೆ.

ನಂಬೋಕೆ ಕಾರಣವೂ ಇತ್ತು. ಸೀರೆಯ ಜೊತೆ ಲೇಸು ಹಚ್ಚಿದ ಜಾಕೀಟು ತೊಡುವ ರೂಢಿಯನ್ನು ಬಂಗಾಳಿ ಮನೆಗಳಿಗೆ ತಂದವರಲ್ಲಿ ಮುಖ್ಯರು ಜೋಡಾಸಾಂಕೊದ ಜ್ಞಾನದಾನಂದಿನಿ ದೇವಿ, ಅಂದರೆ ರವೀಂದ್ರನಾಥ ಠಾಕೂರರ ಅತ್ತಿಗೆ. ಅವರ ಗಂಡ ಸತ್ಯೇಂದ್ರನಾಥರು ಐಸಿಎಸ್ ಸೇರಿದ ಮೊದಲ ಭಾರತೀಯ. ನಮ್ಮ ಕಾರವಾರದಲ್ಲೂ ನ್ಯಾಯಾಧೀಶರಾಗಿದ್ದವರು. 1864ರಲ್ಲಿ ಗಂಡನ ಜೊತೆ ಬೊಂಬಾಯಿಗೆ ಹೋದ ಜ್ಞಾನದಾನಂದಿನಿ ಅಲ್ಲಿನ ಪಾರ್ಸಿ ಹೆಂಗಸರನ್ನು ನೋಡಿ ಸೀರೆ ಉಡುವ ಹೊಸ ರೀತಿ ಕಲಿತರು. ಅದರ ಜೊತೆಗೆ ಒಳಲಂಗ, ಜಾಕೀಟು ಬಂದವು, ಜಾಕೀಟಿನ ಅಂಚಿಗೆ ಲೇಸು ಬಂತು.

ಆದರೆ ಯಾವ ಲೇಸು? ಹಳೇ ಫೋಟೊಗಳಲ್ಲಿ ಎಲ್ಲವೂ ಬಿಳೀ ಜಾಲರಿಯ ಹಾಗೇ ಕಾಣುತ್ತೆ. ಕೈಗೆ ಸಿಕ್ಕಿದ ಲೇಸಿನಲ್ಲಿ ಮಾತ್ರ ಒಂದು ಪ್ರಶ್ನೆ ಕೇಳಬಹುದು: ತೂತಿನ ಸುತ್ತ ಇರೋದು ಏನು?

ತೂತಿನ ಸುತ್ತ ಬಟ್ಟೆಯೇ ಇದ್ದರೆ ಅದು ಐಲೆಟ್. ನಮ್ಮ ದರ್ಜಿಗಳು ಹಕೋಬಾ ಅಂತಾರೆ. ನೇಯ್ದ ಬಟ್ಟೆಯಲ್ಲಿ ತೂತು ಮಾಡಿ, ಅಂಚು ಬಿಚ್ಚದ ಹಾಗೆ ಸುತ್ತಲೂ ಹೊಲಿದಿರುತ್ತಾರೆ. ನಿಜಕ್ಕೂ ಇದು ಲೇಸಲ್ಲ, ಕಸೂತಿ.

ತೂತುಗಳೆಲ್ಲ ಒಂದೇ ಅಳತೆಯ ಆರು ಮೂಲೆಯ ಕಣ್ಣುಗಳಾಗಿ, ಜೇನುಗೂಡಿನ ಹಾಗೆ ಸಾಲಾಗಿದ್ದರೆ ಅದು ನೆಟ್. ಇಂಗ್ಲೆಂಡಿನ ಜಾನ್ ಹೀತ್‌ಕೋಟ್ 1808–09ರಲ್ಲಿ ಇದನ್ನು ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದ. ಹಾಗಾಗಿ 1870ರ ಜಾಕೀಟಿನಲ್ಲಿ ಯಂತ್ರದ ನೆಟ್ ಇದ್ದರೆ ಆಶ್ಚರ್ಯವಿಲ್ಲ.

ಕ್ರೋಶಾದಲ್ಲಿ ಇರೋದು ಒಂದೇ ದಾರ, ಒಂದು ಕೊಕ್ಕೆಕಡ್ಡಿ. ಕುಣಿಕೆಯೊಳಗಿಂದ ಕುಣಿಕೆ ಎಳೆದು ಸರಪಳಿ ಮಾಡ್ತಾ ಹೋಗುತ್ತಾರೆ. ಕಣ್ಣಲ್ಲೇ ದಾರದ ದಾರಿ ಹಿಂಬಾಲಿಸಬಹುದು; ಕೊನೆಯ ಗಂಟು ಬಿಚ್ಚಿ ಎಳೆದರೆ ಸರಸರ ಬಿಚ್ಚಿಕೊಳ್ಳುತ್ತೆ.

ಇನ್ನು ಗಿಪ್ಯೂರ್. ಇದರಲ್ಲಿ ಬಟ್ಟೆಯೂ ಇಲ್ಲ, ನೆಟ್ಟೂ ಇಲ್ಲ. ದಪ್ಪ ಹೂವು, ಎಲೆಗಳನ್ನು ಸಣ್ಣ ದಾರದ ಸೇತುವೆಗಳು ಹಿಡಿದುಕೊಂಡಿರುತ್ತವೆ. ಮೊದಲು ಇದನ್ನು ಕೈಯಲ್ಲೇ ಮಾಡುತ್ತಿದ್ದರು. 1880ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್, ಜರ್ಮನಿಯ ಪ್ಲೌಎನ್ ಕಡೆಯವರು ಒಂದು ಉಪಾಯ ಕಂಡುಕೊಂಡರು. ಆಧಾರದ ಬಟ್ಟೆಯ ಮೇಲೆ ಯಂತ್ರದಿಂದ ಕಸೂತಿ ಹಾಕಿ, ಆಮೇಲೆ ರಾಸಾಯನಿಕದಲ್ಲಿ ಬಟ್ಟೆಯನ್ನಷ್ಟೇ ಕರಗಿಸೋದು! ಉಳಿಯೋದು ಕಸೂತಿ ಮಾತ್ರ. ಈಗ ನೀರಲ್ಲೇ ಕರಗುವ ಹಾಳೆ ಬಳಸ್ತಾರೆ.

ನನ್ನ ಜಾಕೀಟಿಗೆ ಬರೋಣ. ರೂಮಿಗೆ ಬಂದು ಲೇಸನ್ನು ತಿರುಗಿಸಿ, ಭೂತಗನ್ನಡಿ ಹಿಡಿದೆ. ಹೂವುಗಳಿವೆ, ಸೇತುವೆಗಳಿವೆ. ಆದರೆ ಸರಪಳಿ ಎಲ್ಲೂ ಇಲ್ಲ. ಹೊಲಿಗೆಗಳು ಅಂಕುಡೊಂಕಾಗಿ ಒಂದರ ಮೇಲೊಂದು ಬಿದ್ದಿವೆ. ಮುಂದಿನ ದಾರ ಬೇರೆ, ಹಿಂದೆ ಅದನ್ನು ಹಿಡಿದಿರುವ ತೆಳು ದಾರ ಬೇರೆ, ಹೊಲಿಗೆ ಮಿಷನ್ನಿನಲ್ಲಿ ಇರೋ ಹಾಗೆ. ಅಲ್ಲಿಗೆ ಕ್ರೋಶಾ ಅನ್ನೋ ಮಾತು ಬಿತ್ತು. ಒಂದು ಮೂಲೆ ಮಾತ್ರ ಗಂಜಿ ಹಾಕಿದ ಹಾಗೆ ಬಿರುಸಾಗಿತ್ತು. ಬಿಸಿನೀರು ಸೋಕಿಸಿದೆ, ಬೆರಳಿಗೆ ಅಂಟಿತು. ಬರೀ ಗಂಜಿಯೂ ಅಂಟಬಹುದು, ಅದೊಂದೇ ಸಾಕ್ಷಿಯಾಗಲ್ಲ. ಕೊನೆಗೆ ಉದುರಿದ ಒಂದು ಎಳೆ ಸುಟ್ಟೆ. ಹತ್ತಿಯಾಗಿದ್ದರೆ ಕಾಗದದ ವಾಸನೆ, ಮೆತ್ತನೆ ಬೂದಿ. ಇದು ಕರಗಿ ಕಪ್ಪು ಗುಂಡಾಯ್ತು. ಪಾಲಿಯೆಸ್ಟರ್! 1870ರಲ್ಲಿ ಅದು ಹುಟ್ಟೇ ಇರಲಿಲ್ಲ.

ಹಾಗಂತ ಇಡೀ ಜಾಕೀಟು ಸುಳ್ಳು ಅನ್ನೋ ಹಾಗಿಲ್ಲ. ಲೇಸು ದುಬಾರಿಯಾಗಿದ್ದ ಕಾಲದಲ್ಲಿ ಹಳೇ ಬಟ್ಟೆಯಿಂದ ಬಿಚ್ಚಿ ಹೊಸದಕ್ಕೆ ಹೊಲೀತಿದ್ದರು. ಲೇಸು ಹರಿದರೆ ಹೊಸ ಲೇಸು ಹಚ್ಚುತ್ತಿದ್ದರು. ಅದಕ್ಕೇ ಕುತ್ತಿಗೆಯ ಪಟ್ಟಿ ಬಿಚ್ಚಿ ನೋಡಿದೆ. ಈಗಿನ ಹೊಲಿಗೆಯ ಪಕ್ಕದಲ್ಲೇ ಹಳೇ ಸೂಜಿತೂತುಗಳ ಇನ್ನೊಂದು ಸಾಲು! ಅಲ್ಲಿ ಮೊದಲು ಬೇರೆ ಏನೋ ಹಚ್ಚಿತ್ತು. ಯಾರೋ ಒಬ್ಬಾಕೆ ಆರಿಸಿ ಹಚ್ಚಿಸಿಕೊಂಡಿದ್ದನ್ನು ಇನ್ಯಾರೋ ಬಿಚ್ಚಿ ತೆಗೆದಿದ್ದಾರೆ.

ನನ್ನ ದುಡ್ಡು ಹೋಗಿದ್ದು ದೊಡ್ಡದಲ್ಲ. ಕ್ರೋಶಾದ ಸರಪಳಿ ಹೆಣಿಗೆಯನ್ನು ಇವತ್ತಿಗೂ ಕೈಯಲ್ಲೇ ಮಾಡಬೇಕು. ಗೋದಾವರಿ ತೀರದ ನರಸಾಪುರದಲ್ಲಿ ಹೆಂಗಸರು ಮನೆಯಲ್ಲೇ ಕೂತು ಅದನ್ನು ಹೆಣೀತಾರೆ. ಮರಿಯಾ ಮೀಸ್ 1982ರಲ್ಲಿ ಅವರ ಬಗ್ಗೆ ಪುಸ್ತಕವನ್ನೇ ಬರೆದರು: ಊರಾಚೆಯ ಮಾರುಕಟ್ಟೆಗೆ ದುಡಿದರೂ ಆ ಹೆಂಗಸರು ಬರೀ 'ಮನೆಯಲ್ಲಿರುವವರು' ಅಂತಲೇ ಲೆಕ್ಕ. ಯಂತ್ರದ ಗಿಪ್ಯೂರನ್ನು ಕ್ರೋಶಾ ಅಂತ ಮಾರಿದರೆ, ಆ ಕೈಕೆಲಸದ ಬೆಲೆಯೂ ಯಂತ್ರದ ಬೆಲೆಗೇ ಇಳಿಯುತ್ತೆ.

ಅಜ್ಜಿಯ ಟ್ರಂಕಿನಲ್ಲಿ ಲೇಸಿನ ರವಿಕೆ ಸಿಕ್ಕರೆ, ಮೊದಲು ಅದನ್ನು ತಿರುಗಿಸಿ ಹಿಂಬದಿ ನೋಡಿ.