ಉದರದ ಮೈಗ್ರೇನ್: ಎರಡು ಆವೇಗಗಳ ನಡುವಣ ಸ್ವಾಸ್ಥ್ಯದ ವಿಚಾರ

ಲಂಡನ್ನಿನ ವೈದ್ಯರಾದ ಸ್ಯಾಮ್ಯುಯೆಲ್ ಗೀ 1882ರಲ್ಲಿ ಒಂಬತ್ತು ಮಕ್ಕಳ ವೃತ್ತಾಂತವನ್ನು ಬರೆದು, ಥಟ್ಟನೆ ತೊಡಗಿ, ತಾನಾಗಿಯೇ ಅಡಗಿ, ಕೆಲವು ಕಾಲದ ತರುವಾಯ ಮರಳಿ ಬರುವ ವಾಂತಿಯೊಂದನ್ನು ವೈದ್ಯಲೋಕದ ಮುಂದಿಟ್ಟರು. ಇದರ ಒಡಹುಟ್ಟೆನ್ನಬಹುದಾದ ಉದರದ ಮೈಗ್ರೇನಿನಲ್ಲಿ ವಾಂತಿಗಿಂತ ಹೊಕ್ಕುಳಿನ ಸುತ್ತಣ ನೋವೇ ಪ್ರಧಾನವಾದುದು; ಚಿಕಿತ್ಸೆಯಿಲ್ಲದಿದ್ದರೆ ಅದು 2ರಿಂದ 72 ಗಂಟೆಗಳವರೆಗೆ ಇರುವುದುಂಟು. ತಲೆ ನೋಯದ ಮೈಗ್ರೇನ್ ಎಂಬುದು ತಾಯಿತಂದೆಯರಿಗೆ ವಿಚಿತ್ರವಾಗಿ ತೋರುವುದು ಸಹಜವೇ ಸರಿ. ಆದರೂ ಅಬರ್ಡೀನ್ ನಗರದ ಶಾಲಾಮಕ್ಕಳನ್ನು ಕುರಿತು ಅಬು-ಅರಾಫೆ ಮತ್ತು ರಸೆಲ್ 1995ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ, ನೂರಕ್ಕೆ ಸುಮಾರು ನಾಲ್ವರಲ್ಲಿ ಇದು ಕಂಡುಬಂದಿತು.

ಎಂಟು ವರ್ಷದ ಬಾಲಿಕೆಯೊಬ್ಬಳನ್ನು ನಿದರ್ಶನಕ್ಕಾಗಿ ಕಲ್ಪಿಸಿಕೊಳ್ಳೋಣ. ಆರು ವಾರಗಳಿಗೊಮ್ಮೆ, ಬಹುಮಟ್ಟಿಗೆ ನಸುಕಿನಲ್ಲಿ, ಆಕೆ ಬಿಳಿಚಿದ ಮುಖದಿಂದ ಎದ್ದು, ಹೊಟ್ಟೆಯ ನಡುವೆ ಅಂಗೈಯಿಟ್ಟು ನೋವನ್ನು ತೋರಿಸಿ, ಓಕರಿಸುತ್ತ, ಬೆಳಕನ್ನು ಸಹಿಸಲಾರದೆ ಮುದುಡಿ ಮಲಗುವಳು. ಸಂಜೆಯ ವೇಳೆಗೆ ಗಾಢನಿದ್ರೆಯಿಂದೆದ್ದು ಸಾರನ್ನ ಕೇಳುವಳು. ಮನೆಯವರು ಒಮ್ಮೆ ದೃಷ್ಟಿ ತೆಗೆದರು, ಇನ್ನೊಮ್ಮೆ ಜಂತುಹುಳುವಿನ ಔಷಧವನ್ನು ಕುಡಿಸಿದರು. ತಾನಾಗಿಯೇ ಇಳಿಯುವ ವ್ಯಾಧಿಯಲ್ಲಿ ಕಡೆಗೆ ಮಾಡಿದ ಉಪಚಾರಕ್ಕೇ ಗುಣದ ಕೀರ್ತಿ ಸಲ್ಲುವುದರಿಂದ, ನಿಜವಾದ ನಿದಾನವು ವರ್ಷಗಟ್ಟಲೆ ಹಿಂದೆ ಬೀಳುತ್ತದೆ. ಇಲ್ಲಿ ವೈದ್ಯನು ಕೇಳಬೇಕಾದ ಮುಖ್ಯ ಪ್ರಶ್ನೆ ನೋವಿನ ದಿನದ್ದಲ್ಲ, ನಡುವಣ ನೋವಿಲ್ಲದ ವಾರಗಳದ್ದು. ಆಗ ಮಗು ಸಂಪೂರ್ಣ ಸ್ವಸ್ಥವಾಗಿ ಉಂಡು, ಆಡಿ, ತಕ್ಕಂತೆ ಬೆಳೆಯುತ್ತಿದ್ದು, ಇಂತಹ ಆವೇಗಗಳು ಐದಾದರೂ ಒಂದೇ ಅಚ್ಚಿನಲ್ಲಿ ಬಂದಿದ್ದು, ತಾಯಿಗೆ ಅರೆತಲೆನೋವಿನ ಚರಿತ್ರೆಯೂ ಇದ್ದರೆ ಶಂಕೆ ಬಲವಾಗುತ್ತದೆ. ತೂಕ ಇಳಿಯುತ್ತಿದ್ದರೆ ಅಥವಾ ಮಲದಲ್ಲಿ ರಕ್ತ ಕಂಡರೆ ಬೇರೆ ಕಾರಣವನ್ನೇ ಹುಡುಕತಕ್ಕದ್ದು.

ಆದರೆ ಕೇವಲ ಆವರ್ತನವನ್ನು ನೆಚ್ಚುವುದು ಅಪಾಯಕರ, ಏಕೆಂದರೆ ಬಂದುಹೋಗುವ ಬೇರೆ ವ್ಯಾಧಿಗಳೂ ಉಂಟು. ಹುಟ್ಟಿನಿಂದಲೇ ತಪ್ಪುಸ್ಥಾನದಲ್ಲಿರುವ ಕರುಳು ಆಗಾಗ ತಿರುಚಿಕೊಂಡು ಬಿಚ್ಚಿಕೊಳ್ಳಬಹುದು. ಬಹಳ ವಾಂತಿಯಾದ ಮೇಲೆ ಹಸಿರು ಪಿತ್ತ ಬರುವುದು ಗೀ ಬಣ್ಣಿಸಿದ ಆವರ್ತ ವಾಂತಿಯಲ್ಲಿಯೂ ಸಾಮಾನ್ಯವಾದರೂ, ಅದನ್ನು ಕಂಡಾಗ ಬೇರಿಯಂ ಎಕ್ಸ್-ರೇಯಿಂದ ಕರುಳಿನ ಸ್ಥಿತಿಯನ್ನು ನಿಶ್ಚಯಿಸಿಕೊಳ್ಳಬೇಕು. ಮೂತ್ರನಾಳದ ತಡೆಯಿಂದ ಊದುವ ಮೂತ್ರಪಿಂಡವನ್ನು ನೋವಿರುವಾಗಲೇ ಸ್ಕ್ಯಾನಿನಲ್ಲಿ ನೋಡಬೇಕು, ತಡಮಾಡಿದರೆ ಊತ ಇಳಿದಿರಬಹುದು. ಜ್ವರ, ಉಪವಾಸಗಳ ಹಿಂದೆಯೇ ವಾಂತಿ ಬಂದು ಮಗು ಮಂಕಾದರೆ ಚಯಾಪಚಯದ ದೋಷವನ್ನು ಶಂಕಿಸಿ, ರಕ್ತದ ಸಕ್ಕರೆ, ಅಮೋನಿಯಾಗಳ ಪರೀಕ್ಷೆಗೆ ಗ್ಲೂಕೋಸ್ ಏರಿಸುವ ಮುನ್ನವೇ ರಕ್ತ ತೆಗೆಯಬೇಕು. ಗ್ಲೂಕೋಸು ಮಗುವನ್ನು ಉಳಿಸುವಂತೆಯೇ ಸಾಕ್ಷ್ಯವನ್ನೂ ಅಳಿಸಿಬಿಡುತ್ತದೆ.

ಇವು ಯಾವುವೂ ಅಲ್ಲವೆಂದು ತಿಳಿದ ಮೇಲೆ ಆ ಬಾಲಿಕೆಗೆ ಬೇಕಾದುದು ಕತ್ತಲೆಯ ಕೋಣೆ, ನಿಶ್ಶಬ್ದ, ನಿದ್ರೆ, ಮತ್ತು ಆರಂಭದಲ್ಲಿಯೇ ಕೊಟ್ಟ ನೋವುನಿವಾರಕ. ಆವೇಗಗಳು ಮೇಲಿಂದ ಮೇಲೆ ಬಂದು ಶಾಲೆ ತಪ್ಪುವಂತಾದರೆ ಮಾತ್ರ ಪ್ರೊಪ್ರನೊಲಾಲ್, ಪಿಜೋಟಿಫೆನ್‌ಗಳಂತಹ ನಿತ್ಯೌಷಧಗಳ ಯೋಚನೆ. ಇವುಗಳ ಆಧಾರ ಸಣ್ಣ ಪ್ರಯೋಗಗಳಷ್ಟೆ, ಪಿಜೋಟಿಫೆನ್ ಪರೀಕ್ಷೆಯಲ್ಲಿದ್ದ ಮಕ್ಕಳು ಕೇವಲ ಹದಿನಾಲ್ಕು. ಹರೆಯ ಬರುವ ಹೊತ್ತಿಗೆ ಹೊಟ್ಟೆನೋವು ಬಹಳ ಮಕ್ಕಳಲ್ಲಿ ನಿಲ್ಲುತ್ತದೆ. ಅವರಲ್ಲಿ ಅನೇಕರಿಗೆ ತಾಯಿಯ ತಲೆನೋವು ಆಗ ತಲೆದೋರುತ್ತದೆ.