ಆಯತಕ್ಕೆ ತ್ರಿಭುಜ ಸೇರಿದಾಗ: ಫಲಕದ ದ್ರವ್ಯರಾಶಿ ಕೇಂದ್ರ ಹುಡುಕಿದ ದಾರಿ

ಒಂದೇ ದಪ್ಪದ ಉಕ್ಕಿನ ತಗಡಿನಿಂದ ಕತ್ತರಿಸಿದ ಒಂದು ಫಲಕವನ್ನು ತೆಗೆದುಕೊಳ್ಳೋಣ. ಎಡಗಡೆ 60 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರದ ಆಯತ. ಅದರ ಬಲ ಅಂಚಿಗೆ ಸೇರಿಕೊಂಡು ಒಂದು ಲಂಬಕೋನ ತ್ರಿಭುಜ. ಅದರ ತಳ 30 ಸೆಂ.ಮೀ., ಎತ್ತರ ಆಯತದಷ್ಟೇ 40 ಸೆಂ.ಮೀ. ಲಂಬಕೋನ ಕೆಳಗಡೆ, ಆಯತದ ಬಲಮೂಲೆಗೆ ತಾಗಿದೆ. ಎರಡೂ ಸೇರಿದಾಗ ಕೆಳಗಿನ ಅಂಚು 90, ಮೇಲಿನ ಅಂಚು 60 ಸೆಂ.ಮೀ. ಇರುವ ತ್ರಾಪಿಜ್ಯವಾಗುತ್ತದೆ. ಈ ಫಲಕವನ್ನು ಒಂದೇ ಬಿಂದುವಿನ ಮೇಲೆ ಸಮತೋಲದಲ್ಲಿ ನಿಲ್ಲಿಸಬೇಕಾದರೆ ಆ ಬಿಂದು ಎಲ್ಲಿರಬೇಕು?

ಇಂದಿನ ವಿದ್ಯಾರ್ಥಿ ಇದಕ್ಕೆ ಕೆಲವೇ ಸಾಲುಗಳಲ್ಲಿ ಉತ್ತರ ಬರೆಯುತ್ತಾನೆ. ಅನುಕಲನವೇ ಇದರ ನಿಜವಾದ ಬುನಾದಿ, ಆಕೃತಿಯನ್ನು ತುಂಡು ಮಾಡಿ ಲೆಕ್ಕ ಹಾಕುವುದು ಅದರಿಂದ ಬಂದ ಸುಲಭದ ಅಡ್ಡದಾರಿ ಎಂಬ ನಂಬಿಕೆ ತರಗತಿಗಳಲ್ಲಿ ಹರಡಿದೆ. ಚರಿತ್ರೆ ನೋಡಿದರೆ ಸಂಬಂಧ ತಿರುವುಮುರುವಾಗಿದೆ. ತುಂಡುಗಳ ವಿಧಾನವೇ ಮೊದಲು ಹುಟ್ಟಿದ್ದು. ಅನುಕಲನ ಅದೇ ವಿಧಾನವನ್ನು ಕೊನೆಯಿಲ್ಲದಷ್ಟು ತುಂಡುಗಳವರೆಗೆ ಒಯ್ದದ್ದರ ಫಲ.

ಆರ್ಕಿಮಿಡೀಸ್: ಸನ್ನೆಯಿಂದ ತ್ರಾಪಿಜ್ಯದವರೆಗೆ

ಸಿರಾಕ್ಯೂಸ್‌ನ ಆರ್ಕಿಮಿಡೀಸ್ ತೀರಿಕೊಂಡದ್ದು ಕ್ರಿ.ಪೂ. 212ರಲ್ಲಿ. ಸಮತಲಗಳ ಸಮತೋಲವನ್ನು ಕುರಿತು ಅವನು ಬರೆದ ಕೃತಿಯ ಮೊದಲ ಭಾಗದಲ್ಲಿ ಹದಿನೈದು ಪ್ರಮೇಯಗಳಿವೆ. ಅವುಗಳ ಕ್ರಮವೇ ಮನಸ್ಸನ್ನು ಸೆಳೆಯುತ್ತದೆ. ಸಮಾನ ದೂರದಲ್ಲಿರುವ ಸಮಾನ ತೂಕಗಳು ಸಮತೋಲದಲ್ಲಿರುತ್ತವೆ ಎಂಬಂಥ ಕೆಲವು ಸ್ವೀಕೃತ ಮಾತುಗಳಿಂದ ಅವನು ಹೊರಡುತ್ತಾನೆ. 6 ಮತ್ತು 7ನೆಯ ಪ್ರಮೇಯಗಳಲ್ಲಿ ಸನ್ನೆಯ ನಿಯಮ ಬರುತ್ತದೆ: ಎರಡು ತೂಕಗಳು ಸಮತೋಲದಲ್ಲಿ ನಿಂತಾಗ ಆಧಾರದಿಂದ ಅವುಗಳ ದೂರ ತೂಕಕ್ಕೆ ವಿಲೋಮವಾಗಿರುತ್ತದೆ. ಮುಂದೆ ಸಮಾಂತರ ಚತುರ್ಭುಜದ ಕೇಂದ್ರ ಅದರ ಕರ್ಣಗಳು ಕೂಡುವಲ್ಲಿದೆ ಎಂದು ತೋರಿಸುತ್ತಾನೆ. 14ನೆಯದರಲ್ಲಿ ತ್ರಿಭುಜದ ಕೇಂದ್ರ ಮಧ್ಯರೇಖೆಗಳು ಸೇರುವ ಬಿಂದು ಎಂಬುದು ಸಿದ್ಧವಾಗುತ್ತದೆ. ಕೊನೆಯದಾದ 15ನೆಯದು ತ್ರಾಪಿಜ್ಯದ ಕೇಂದ್ರ. ನಮ್ಮ ಫಲಕ ಆ ಭಾಗ ತಲುಪುವ ಕೊನೆಯ ನಿಲ್ದಾಣದಲ್ಲೇ ಇದೆ.

ಅವನ ಸನ್ನೆಯ ನಿಯಮವನ್ನು ಈ ಫಲಕಕ್ಕೆ ಹಚ್ಚೋಣ. ಕೆಳಗಿನ ಎಡಮೂಲೆಯಿಂದ ಅಳೆಯಲು ಶುರುಮಾಡಿದರೆ ಆಯತದ ಕೇಂದ್ರ ಬಲಕ್ಕೆ 30, ಮೇಲಕ್ಕೆ 20. ತ್ರಿಭುಜದ ಕೇಂದ್ರ ಅದರ ಲಂಬಕೋನದ ಮೂಲೆಯಿಂದ ತಳದ ಮೂರನೇ ಒಂದು ಪಾಲು ಬಲಕ್ಕೆ, ಎತ್ತರದ ಮೂರನೇ ಒಂದು ಪಾಲು ಮೇಲಕ್ಕೆ ಇರುತ್ತದೆ. ಎಂದರೆ ಬಲಕ್ಕೆ 60 + 10 = 70, ಮೇಲಕ್ಕೆ 13.33. ಆಯತದ ವಿಸ್ತೀರ್ಣ 2400 ಚದರ ಸೆಂ.ಮೀ., ತ್ರಿಭುಜದ್ದು 600. ದಪ್ಪ ಎಲ್ಲೆಡೆ ಒಂದೇ ಆದ್ದರಿಂದ ತೂಕಗಳ ಅನುಪಾತವೂ 4:1. ಈ ಎರಡು ಕೇಂದ್ರಗಳನ್ನು ಜೋಡಿಸುವ ಗೆರೆಯೇ ಸನ್ನೆ. ನಾಲ್ಕು ಪಟ್ಟು ತೂಕದ ಆಯತದ ಕಡೆಗೆ ಆಧಾರ ಸರಿದು ನಿಲ್ಲಬೇಕು, ಆದ್ದರಿಂದ ಗೆರೆಯನ್ನು ಐದು ಸಮಪಾಲು ಮಾಡಿ ಆಯತದ ಕೇಂದ್ರದಿಂದ ಒಂದು ಪಾಲು ನಡೆದರೆ ಸಾಕು. ಅಡ್ಡದ ಅಂತರ 40, ಅದರ ಐದನೇ ಒಂದು ಪಾಲು 8. ಹೀಗೆ ಕೇಂದ್ರ ಬಲಕ್ಕೆ 38, ಮೇಲಕ್ಕೆ 18.67 ಸೆಂ.ಮೀ.ನಲ್ಲಿ ಬೀಳುತ್ತದೆ.

ಇಂದಿನ ಪಠ್ಯಪುಸ್ತಕ ಇದನ್ನೇ ಮೊಮೆಂಟುಗಳ ಮೊತ್ತವಾಗಿ ಬರೆಯುತ್ತದೆ:

x = (2400×30 + 600×70) / 3000 = 38
y = (2400×20 + 600×13.33) / 3000 = 18.67

ಸೂತ್ರದ ರೂಪ ಹೊಸದು, ಒಳಗಿರುವುದು ಸನ್ನೆಯ ನಿಯಮವೇ.

ಆರ್ಕಿಮಿಡೀಸನ 8ನೆಯ ಪ್ರಮೇಯ ಇನ್ನೊಂದು ದಾರಿ ತೆರೆಯುತ್ತದೆ. ಇಡೀ ವಸ್ತುವಿನಿಂದ ಒಂದು ಭಾಗ ತೆಗೆದರೆ ಉಳಿದದ್ದರ ಕೇಂದ್ರ ಎಲ್ಲಿರುತ್ತದೆ ಎಂಬುದನ್ನು ಅದು ಹೇಳುತ್ತದೆ. ನಮ್ಮ ಫಲಕವನ್ನು 90×40ರ ದೊಡ್ಡ ಆಯತದಿಂದ ಮೇಲಿನ ಬಲಮೂಲೆ ಕತ್ತರಿಸಿ ತೆಗೆದದ್ದು ಎಂದೂ ನೋಡಬಹುದು. ದೊಡ್ಡ ಆಯತದ ವಿಸ್ತೀರ್ಣ 3600, ಕೇಂದ್ರ ಬಲಕ್ಕೆ 45. ಕತ್ತರಿಸಿದ ತ್ರಿಭುಜದ ವಿಸ್ತೀರ್ಣ 600, ಅದರ ಕೇಂದ್ರ ಬಲಕ್ಕೆ 80. ಕೂಡುವ ಬದಲು ಕಳೆದಾಗ (3600×45 − 600×80) / 3000, ಮತ್ತೆ 38. ತೂತು ಕೊರೆದ ತಗಡುಗಳಿಗೆ ಎಂಜಿನಿಯರುಗಳು ಇವತ್ತು ಬಳಸುವುದು ಇದನ್ನೇ.

ತ್ರಿಭುಜ ಒಡ್ಡಿದ ಕಷ್ಟ

ಆಯತದ ಕೇಂದ್ರಕ್ಕೆ ಅದರ ಸಮ್ಮಿತಿಯೇ ಸಾಕ್ಷಿ. ತ್ರಿಭುಜಕ್ಕೆ ಸಾಮಾನ್ಯವಾಗಿ ಅಂಥ ಸಮ್ಮಿತಿಯಿಲ್ಲ. ಹಾಗಾಗಿ ಈ ಕ್ಷೇತ್ರದ ಬೆಳವಣಿಗೆಯಲ್ಲಿ ನಿಜವಾದ ಹೋರಾಟ ನಡೆದದ್ದು ‘ಮೂರನೇ ಒಂದು ಪಾಲು’ ಎಂಬ ಪುಟ್ಟ ಮಾತಿನ ಸುತ್ತ. ಆರ್ಕಿಮಿಡೀಸ್ ಕೇಂದ್ರವು ಮಧ್ಯರೇಖೆಯ ಮೇಲಿಲ್ಲ ಎಂದು ಊಹಿಸಿ, ತ್ರಿಭುಜದೊಳಗೆ ಸಮಾಂತರ ಚತುರ್ಭುಜಗಳ ಪಟ್ಟಿಗಳನ್ನು ತುಂಬಿ, ಆ ಊಹೆ ವಿರೋಧಕ್ಕೆ ಸಿಕ್ಕಿಬೀಳುವುದನ್ನು ತೋರಿಸಿದ.

ಅವನ ಗ್ರಂಥಗಳು ಯುರೋಪಿಗೆ ಮರಳಿದ್ದು ನಿಧಾನವಾಗಿ. ವಿಲಿಯಂ ಆಫ್ ಮೋರ್ಬೆಕೆ 1269ರಲ್ಲಿ ಲ್ಯಾಟಿನ್‌ಗೆ ಅನುವಾದಿಸಿದ. ಟಾರ್ಟಾಲಿಯ 1543ರಲ್ಲಿ ಅದರ ಕೆಲವು ಭಾಗಗಳನ್ನು ಅಚ್ಚು ಹಾಕಿಸಿದ. 1586ರಲ್ಲಿ ಸಿಮೋನ್ ಸ್ಟೆವಿನ್ ಡಚ್ ಭಾಷೆಯಲ್ಲಿ ತೂಕದ ಶಾಸ್ತ್ರದ ಕೃತಿ ಪ್ರಕಟಿಸಿದಾಗ ಅದೇ ಪಟ್ಟಿಗಳನ್ನು ಎತ್ತಿಕೊಂಡು ನೇರ ದಾರಿ ಹಿಡಿದ. ನಮ್ಮ ತ್ರಿಭುಜದಲ್ಲೇ ಅದನ್ನು ನೋಡಬಹುದು. ಅದನ್ನು ಸಮಾನ ಎತ್ತರದ ಪಟ್ಟಿಗಳಾಗಿ ಗೆರೆ ಎಳೆದು, ಪ್ರತಿ ಪಟ್ಟಿಯಲ್ಲೂ ಮಧ್ಯರೇಖೆಗೆ ಸಮಾಂತರವಾದ ಬದಿಗಳಿರುವ ಚತುರ್ಭುಜ ಕೂರಿಸಿದರೆ ಪ್ರತಿಯೊಂದರ ಕೇಂದ್ರವೂ ಮಧ್ಯರೇಖೆಯ ಮೇಲೇ ಬೀಳುತ್ತದೆ. ಆದ್ದರಿಂದ ಅವೆಲ್ಲದರ ಒಟ್ಟು ಕೇಂದ್ರವೂ ಅಲ್ಲೇ. ಅಂಚುಗಳಲ್ಲಿ ಮಾತ್ರ ಚೂರುಗಳು ಉಳಿಯುತ್ತವೆ. 600 ಚದರ ಸೆಂ.ಮೀ. ತ್ರಿಭುಜದಲ್ಲಿ ಹತ್ತು ಪಟ್ಟಿ ಮಾಡಿದರೆ ಚೂರುಗಳ ಮೊತ್ತ 60, ನೂರು ಮಾಡಿದರೆ 6. ನಾವು ಹೇಳಿದ ಯಾವ ಅಳತೆಗಿಂತಲೂ ಅದನ್ನು ಕಡಿಮೆ ಮಾಡಬಹುದಾದ್ದರಿಂದ ಕೇಂದ್ರ ಮಧ್ಯರೇಖೆಯಿಂದ ಆಚೆಗೆ ಸರಿಯಲಾರದು. ಮೂರು ಮಧ್ಯರೇಖೆಗಳ ಮೇಲೂ ಇರಬೇಕಾದ ಬಿಂದು ಅವು ಸೇರುವ ಬಿಂದುವೇ. ಮುಂದಿನ ಶತಮಾನದ ಅನುಕಲನದ ಬೀಜ ಇಲ್ಲಿದೆ.

ತೂಕದಿಂದ ದ್ರವ್ಯರಾಶಿಗೆ

ಅಲೆಕ್ಸಾಂಡ್ರಿಯದ ಹೀರೋ ಬರೆದ ಯಂತ್ರಶಾಸ್ತ್ರ ಪೂರ್ತಿಯಾಗಿ ಉಳಿದಿರುವುದು ಒಂಬತ್ತನೇ ಶತಮಾನದ ಕುಸ್ತಾ ಇಬ್ನ್ ಲೂಕಾನ ಅರಬ್ಬಿ ಅನುವಾದದಲ್ಲಿ. ಅದರಲ್ಲಿ ಅವನು ತ್ರಿಭುಜ, ಚತುರ್ಭುಜ, ಪಂಚಭುಜಗಳ ಕೇಂದ್ರಗಳನ್ನು ಸಾಲಾಗಿ ಕಂಡುಹಿಡಿಯುತ್ತಾನೆ. ತ್ರಿಭುಜಾಕಾರದ ಫಲಕ ಮೂರು ಮೂಲೆಗಳಲ್ಲಿ ಆನಿಕೊಂಡಾಗ ಪ್ರತಿ ಮೂಲೆ ಎಷ್ಟು ಭಾರ ಹೊರುತ್ತದೆ ಎಂದೂ ಕೇಳುತ್ತಾನೆ. ಅಲ್ಲಿ ಅವನು ದಪ್ಪ ಒಂದೇ ಇರಬೇಕೆಂದು ಷರತ್ತು ಹಾಕುವುದು ಗಮನಿಸಬೇಕಾದ ಸಂಗತಿ. ನಾಲ್ಕನೇ ಶತಮಾನದ ಪ್ಯಾಪಸ್ ಕೇಂದ್ರವನ್ನು ತೂಗುಹಾಕುವುದರ ಮೂಲಕ ವಿವರಿಸಿದ. ಇಂದಿನ ಪ್ರಯೋಗಶಾಲೆಯಲ್ಲಿ ಫಲಕವನ್ನು ಒಂದು ಮೂಲೆಯಿಂದ ನೇತುಹಾಕಿ, ತೂಗುಗುಂಡಿನ ದಾರದ ಗೆರೆ ಎಳೆದು, ಇನ್ನೊಂದು ಮೂಲೆಯಿಂದ ಮತ್ತೆ ಹಾಗೇ ಮಾಡಿ ಗೆರೆಗಳು ಕೂಡುವ ಬಿಂದು ಗುರುತಿಸುವುದು ಈ ವಿವರಣೆಯ ನೇರ ಬಳಕೆ.

ಇಲ್ಲೆಲ್ಲ ಕೇಂದ್ರ ಎಂದರೆ ಭಾರದ ಕೇಂದ್ರ. 1765ರಲ್ಲಿ ಆಯ್ಲರ್ ಘನವಸ್ತುಗಳ ಚಲನೆಯ ಕುರಿತ ಗ್ರಂಥದಲ್ಲಿ ಇದನ್ನು ಭೂಮಿಯ ಸೆಳೆತದಿಂದ ಬಿಡಿಸಿದ. ದ್ರವ್ಯರಾಶಿ ಹೇಗೆ ಹಂಚಿಕೊಂಡಿದೆ ಎಂಬುದರಿಂದಲೇ ಬಿಂದು ನಿರ್ಧಾರವಾಗುತ್ತದೆ, ಅದಕ್ಕೆ ಭಾರ ಬೇಕಿಲ್ಲ. ಈ ವ್ಯತ್ಯಾಸ ನಮ್ಮ ಫಲಕದಲ್ಲಿ ಕೈಗೆ ಸಿಗುತ್ತದೆ. ಆಯತವನ್ನು 6 ಮಿ.ಮೀ. ತಗಡಿನಿಂದ, ತ್ರಿಭುಜವನ್ನು ಅದೇ ಉಕ್ಕಿನ 12 ಮಿ.ಮೀ. ತಗಡಿನಿಂದ ಮಾಡಿ ಬೆಸೆದಿದ್ದಾರೆ ಎನ್ನೋಣ. ವಿಸ್ತೀರ್ಣದ ಕೇಂದ್ರ 38ರಲ್ಲೇ ಉಳಿಯುತ್ತದೆ. ದ್ರವ್ಯರಾಶಿಗಳ ಅನುಪಾತ ಮಾತ್ರ 2400:1200 ಆಗಿ, ಸಮತೋಲದ ಬಿಂದು ಬಲಕ್ಕೆ 43.33, ಮೇಲಕ್ಕೆ 17.78ಕ್ಕೆ ಸರಿಯುತ್ತದೆ. ವಿಸ್ತೀರ್ಣ ನಂಬಿ ಎತ್ತುವ ಕೊಕ್ಕೆಯನ್ನು 38ರಲ್ಲಿ ಹಾಕಿದರೆ ಫಲಕ ಬಲಕ್ಕೆ ವಾಲುತ್ತದೆ.

ಕೊನೆಯ ಹಂತ: ಮೂಲೆಗಳಿಂದಲೇ ಲೆಕ್ಕ

ಹತ್ತೊಂಬತ್ತನೇ ಶತಮಾನದಲ್ಲಿ ಜ್ಯೂರಿಕ್‌ನ ಕಾರ್ಲ್ ಕುಲ್ಮನ್ ಗೆರೆಗಳಿಂದಲೇ ಬಲಗಳ ಲೆಕ್ಕ ಮಾಡುವ ರೇಖಾಸ್ಥಿತಿಶಾಸ್ತ್ರವನ್ನು ವ್ಯವಸ್ಥಿತಗೊಳಿಸಿದ. ತುಂಡುಗಳ ತೂಕವನ್ನು ಬಾಣಗಳಾಗಿ ಬಿಡಿಸಿ, ಅವುಗಳ ಒಟ್ಟು ಬಲದ ರೇಖೆಯನ್ನು ಕಾಗದದ ಮೇಲೇ ಹುಡುಕಬಹುದಾಯಿತು. ಇಂದು ಕಂಪ್ಯೂಟರ್ ನಕ್ಷೆಗಳಲ್ಲಿ ಫಲಕವನ್ನು ಆಯತ, ತ್ರಿಭುಜ ಎಂದು ಒಡೆಯಲೇಬೇಕೆಂದಿಲ್ಲ. ಮೂಲೆಗಳ ನಿರ್ದೇಶಾಂಕಗಳನ್ನು ಅಪ್ರದಕ್ಷಿಣವಾಗಿ ಸುತ್ತು ಬಂದರೆ ಸಾಕು: (0,0), (90,0), (60,40), (0,40). ಪಕ್ಕಪಕ್ಕದ ಎರಡು ಮೂಲೆಗಳಿಗೆ x₁y₂ − x₂y₁ ಲೆಕ್ಕಹಾಕಿದಾಗ 0, 3600, 2400, 0 ಬರುತ್ತವೆ. ಇವುಗಳ ಮೊತ್ತದ ಅರ್ಧ ವಿಸ್ತೀರ್ಣ, 3000. ಪ್ರತಿಯೊಂದನ್ನೂ ಆ ಎರಡು x ಗಳ ಮೊತ್ತದಿಂದ ಗುಣಿಸಿ ಕೂಡಿದರೆ

x = (150×3600 + 60×2400) / (6×3000) = 38

ಮೂಲಬಿಂದುವಿನಿಂದ ಪ್ರತಿ ಬದಿಗೆ ಒಂದೊಂದು ತ್ರಿಭುಜ ಕಟ್ಟಿ, ಅವುಗಳ ಮೂರನೇ ಒಂದು ಪಾಲಿನ ಕೇಂದ್ರಗಳನ್ನು ಕೂಡಿದ ಲೆಕ್ಕವಿದು. ತಂತ್ರಾಂಶದ ಒಳಗೂ ತ್ರಿಭುಜವೇ ಕೆಲಸ ಮಾಡುತ್ತಿದೆ.

ತಪ್ಪು ಎಲ್ಲಿ ಆಗುತ್ತದೆ, ಹೇಗೆ ಗೊತ್ತಾಗುತ್ತದೆ

ಮೂರು ತಪ್ಪುಗಳು ಮತ್ತೆ ಮತ್ತೆ ಕಾಣುತ್ತವೆ. ಎರಡು ಕೇಂದ್ರಗಳ ಸರಾಸರಿ ತೆಗೆದರೆ 50 ಬರುತ್ತದೆ, ಏಕೆಂದರೆ ಅಲ್ಲಿ ತೂಕವನ್ನೇ ಲೆಕ್ಕಕ್ಕೆ ಹಿಡಿದಿಲ್ಲ. ನಾಲ್ಕು ಮೂಲೆಗಳ ಸರಾಸರಿ ತೆಗೆಯುವುದು ಇನ್ನೂ ಅಪಾಯಕಾರಿ. ತ್ರಿಭುಜಕ್ಕೆ ಅದು ಸರಿಯುತ್ತರ ಕೊಡುತ್ತದೆ, ಇಲ್ಲಿ 37.5 ಎಂದು ತೀರ ಸಮೀಪದ ತಪ್ಪುತ್ತರ ಕೊಡುತ್ತದೆ. ಅದನ್ನು ಹಿಡಿಯುವುದು ಎತ್ತರ. ಆ ಸರಾಸರಿ 20 ಎನ್ನುತ್ತದೆ, ಆದರೆ ಕೆಳಗೆ ಅಗಲವಾಗಿರುವ ಫಲಕದ ಕೇಂದ್ರ ನಡುಮಟ್ಟಕ್ಕಿಂತ ಕೆಳಗೇ ಇರಬೇಕು. ಮೂರನೆಯದು, ತ್ರಿಭುಜದ ಮೂರನೇ ಒಂದು ಪಾಲನ್ನು ಚೂಪುಮೂಲೆಯಿಂದ ಅಳೆಯುವುದು. ಆಗ ತ್ರಿಭುಜದ ಕೇಂದ್ರ 80 ಆಗಿ, ಉತ್ತರ 40ಕ್ಕೆ ಹೋಗುತ್ತದೆ.

ಮೊದಲನೆಯ ಮತ್ತು ಮೂರನೆಯ ತಪ್ಪನ್ನು ಪತ್ತೆಹಚ್ಚಲು ಆರ್ಕಿಮಿಡೀಸನ 15ನೆಯ ಪ್ರಮೇಯ ಸಾಕು. ತ್ರಾಪಿಜ್ಯದ ಕೇಂದ್ರ ಅದರ ಸಮಾಂತರ ಬಾಹುಗಳ ನಡುಬಿಂದುಗಳನ್ನು ಸೇರಿಸುವ ಗೆರೆಯ ಮೇಲಿರಲೇಬೇಕು. ನಮ್ಮಲ್ಲಿ ಆ ನಡುಬಿಂದುಗಳು ಕೆಳಗೆ 45, ಮೇಲೆ 30. 40 ಸೆಂ.ಮೀ. ಏರುವಾಗ ಗೆರೆ 15 ಸೆಂ.ಮೀ. ಎಡಕ್ಕೆ ಬಾಗುತ್ತದೆ, 18.67 ಏರಿದಾಗ 7 ಸೆಂ.ಮೀ. 45ರಿಂದ 7 ಕಳೆದರೆ 38. ಲೆಕ್ಕದ ಉತ್ತರ ಈ ಗೆರೆಯ ಮೇಲೆ ಕೂರದಿದ್ದರೆ ಲೆಕ್ಕ ತಪ್ಪಿದೆ.

ಈ ವಿಧಾನಕ್ಕೆ ಒಂದು ಗಡಿಯಿದೆ. ಪ್ರತಿ ತುಂಡಿನೊಳಗೂ ದಪ್ಪ ಮತ್ತು ಸಾಂದ್ರತೆ ಬದಲಾಗಬಾರದು. ತಗಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ತೆಳುವಾಗುತ್ತ ಹೋದರೆ ಆಯತದ ಕೇಂದ್ರ ಕರ್ಣಗಳ ಕೂಡಿನಲ್ಲಿ ಉಳಿಯುವುದಿಲ್ಲ. ಆಗ ಅನುಕಲನ ಬೇಕೇ ಬೇಕು. ಆ ಅನುಕಲನ ಮಾಡುವುದಾದರೂ ಫಲಕವನ್ನು ಸ್ಟೆವಿನ್ ಮಾಡಿದ ಹಾಗೆ ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಯ ದ್ರವ್ಯರಾಶಿಯನ್ನು ಅದರ ದೂರದಿಂದ ಗುಣಿಸಿ ಕೂಡುವುದನ್ನೇ. ಎರಡು ತುಂಡುಗಳ ಲೆಕ್ಕವನ್ನು ಸನ್ನೆಯಾಗಿ ಅರ್ಥ ಮಾಡಿಕೊಂಡವರಿಗೆ ಅನುಕಲನದ ಚಿಹ್ನೆ ಹೊಸ ನಿಯಮ ಹೇಳುವುದಿಲ್ಲ. ತುಂಡುಗಳ ಸಂಖ್ಯೆಯನ್ನಷ್ಟೇ ಹೆಚ್ಚಿಸುತ್ತದೆ.